ಬಾಡಿಗೆ ನಿಂತದ್ದು ಅವರಿಗೆ ಗೊತ್ತಾಗಲೇ ಇಲ್ಲ

ಬೆಂಗಳೂರಿನಲ್ಲಿ ನಾವಿದ್ದ ಫ್ಲ್ಯಾಟಿಗೆ ತಿಂಗಳಿಗೆ ಎರಡು ಕಡೆ ದುಡ್ಡು ಕಟ್ಟಬೇಕಿತ್ತು. ಬಾಡಿಗೆ ₹22,000, ಶಿವಮೊಗ್ಗದಲ್ಲಿರುವ ಓನರ್ ಟೀಚರಮ್ಮನಿಗೆ. ಮೇಂಟೆನೆನ್ಸ್ ₹3,400, ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ಗೆ. ಎರಡೂ ನನ್ನ ಸಂಬಳದ ಖಾತೆಯಿಂದ ತಾವಾಗಿಯೇ ಹೋಗುತ್ತಿದ್ದವು. ಕೆಲಸ ಬದಲಾಯಿಸಿದಾಗ ಹೊಸ ಕಂಪನಿಯವರು ಬೇರೆ ಬ್ಯಾಂಕಿನಲ್ಲಿ ಖಾತೆ ಮಾಡಿಸಿದರು. ಹಳೆಯ ಖಾತೆಗೆ ಇನ್ನು ಸಂಬಳ ಬರುವುದಿಲ್ಲವಲ್ಲ ಎಂದು ಮೇ ತಿಂಗಳ ಕೊನೆಯಲ್ಲಿ ಒಂದು ಸಂಜೆ ಕೂತು ಎರಡನ್ನೂ ರದ್ದು ಮಾಡಿದೆ. ಇಬ್ಬರಿಗೂ ಹೇಳಲಿಲ್ಲ. ಅಸೋಸಿಯೇಷನ್‌ನವರಿಗೆ ಮೊದಲ ವಾರದಲ್ಲೇ ಗೊತ್ತಾಯಿತು. ಟೀಚರಮ್ಮನಿಗೆ ಗೊತ್ತಾಗಲಿಲ್ಲ. ಹೀಗೇಕೆ ಎಂದು ನನಗೆ ಅರ್ಥವಾಗುವ ಹೊತ್ತಿಗೆ ಅವರ ಮನೆ ಸಾಲದ ಕಂತು ಎರಡು ಸಲ ಬೌನ್ಸ್ ಆಗಿತ್ತು.

ಮೊದಲು ಅಸೋಸಿಯೇಷನ್ ಕಡೆಯದನ್ನು ಹೇಳುತ್ತೇನೆ, ಯಾಕೆಂದರೆ ಅದು ಸಲೀಸಾಗಿ ಮುಗಿಯಿತು. ಅವರಿಗೆ ನಾನು ಕೊಟ್ಟಿದ್ದು ನ್ಯಾಚ್ ಮ್ಯಾಂಡೇಟ್. ಮ್ಯಾಂಡೇಟ್ ಎಂದರೆ ನಮ್ಮ ಖಾತೆಯಿಂದ ಹಣ ಎಳೆದುಕೊಳ್ಳಲು ಇನ್ನೊಬ್ಬರಿಗೆ ಕೊಟ್ಟ ಒಪ್ಪಿಗೆ. ಪ್ರತಿ ತಿಂಗಳೂ ಇಂಥ ಫ್ಲ್ಯಾಟಿನಿಂದ ಇಷ್ಟು ರೂಪಾಯಿ ಎಂಬ ಪಟ್ಟಿ ಅವರ ಕಡೆಯಿಂದ ಹೊರಡುತ್ತದೆ, ಅವರ ಬ್ಯಾಂಕಿನ ಮೂಲಕ ನಮ್ಮ ಬ್ಯಾಂಕಿಗೆ ಬಂದು ಕೇಳುತ್ತದೆ. ಕೇಳಿದ್ದಕ್ಕೆ ನಮ್ಮ ಬ್ಯಾಂಕ್ ಉತ್ತರ ಕೊಡಲೇಬೇಕು: ಒಂದೋ ಹಣ, ಇಲ್ಲವೋ ಕಾರಣ. ಜೂನ್ 5ಕ್ಕೆ ಅವರ ಪಟ್ಟಿ ಬಂದು ಕೇಳಿತು. ಮ್ಯಾಂಡೇಟ್ ರದ್ದಾಗಿದೆ ಎಂಬ ಕಾರಣ ಹೊತ್ತು ವಾಪಸ್ ಹೋಯಿತು. ಒಂದೆರಡು ದಿನದಲ್ಲೇ ಟ್ರೆಷರರ್ ಫೋನ್ ಬಂತು.

'ಏನ್ ಸಾರ್, ಮ್ಯಾಂಡೇಟ್ ಕ್ಯಾನ್ಸಲ್ ಮಾಡಿಬಿಟ್ರಾ? ಮನೆ ಖಾಲಿ ಮಾಡ್ತಿದೀರಾ?'

ಇಲ್ಲ, ಬ್ಯಾಂಕ್ ಬದಲಾಯಿತು ಎಂದೆ. 'ಒಂದು ಮಾತು ಹೇಳಿದ್ರೆ ಈ ತಿಂಗಳ ಪಟ್ಟಿಯಿಂದ ನಿಮ್ಮ ಹೆಸರು ತೆಗೀತಿದ್ದೆ. ಐದಕ್ಕೆ ದುಡ್ಡು ಎಳೀಬೇಕು ಅಂದ್ರೆ ಮೂರಕ್ಕೇ ಪಟ್ಟಿ ಕಳಿಸಿರ್ತೀವಿ. ವಾಪಸ್ ಬಂದಿದ್ದಕ್ಕೂ ನಮಗೆ ಚಾರ್ಜ್ ಬೀಳುತ್ತೆ' ಎಂದರು. ಅವತ್ತೇ ಯುಪಿಐನಲ್ಲಿ ಹಣ ಹಾಕಿದೆ, ಆ ಚಾರ್ಜನ್ನೂ ಕೊಟ್ಟೆ, ಹೊಸ ಖಾತೆಗೆ ಹೊಸ ಮ್ಯಾಂಡೇಟ್ ಮಾಡಿಕೊಟ್ಟೆ. ವಿಷಯ ಮುಗಿಯಿತು ಅಂದುಕೊಂಡೆ. ಬಾಡಿಗೆಯ ಕಥೆ ಏನಾಯಿತೋ ನೋಡೋಣ ಎಂದು ಅವತ್ತಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಾಡಿಗೆಗೆ ಹೊಸ ವ್ಯವಸ್ಥೆ ಆಗಲೇ ಮಾಡಿದ್ದೇನೆ ಎಂಬ ಧೈರ್ಯ ನನ್ನದು.

ಬಾಡಿಗೆಗೆ ಇದ್ದದ್ದು ಮ್ಯಾಂಡೇಟ್ ಅಲ್ಲ, ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್. ಹೊರಗಿನಿಂದ ನೋಡಿದರೆ ಎರಡೂ ಒಂದೇ: ತಿಂಗಳ ಇಂಥ ತಾರೀಖಿಗೆ ನಮ್ಮ ಖಾತೆಯಿಂದ ಇಷ್ಟು ಹಣ ಹೋಗುತ್ತದೆ. ಒಳಗೆ ಮಾತ್ರ ತದ್ವಿರುದ್ಧ. ಮ್ಯಾಂಡೇಟಿನಲ್ಲಿ ಅವರು ಎಳೆಯುತ್ತಾರೆ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್‌ನಲ್ಲಿ ನಾವು ತಳ್ಳುತ್ತೇವೆ. ಅದು ನನಗೂ ನನ್ನ ಬ್ಯಾಂಕಿಗೂ ನಡುವಿನ ಮಾತುಕತೆ ಅಷ್ಟೇ. 'ಪ್ರತಿ ತಿಂಗಳು 3ಕ್ಕೆ ಈ ಖಾತೆಗೆ ₹22,000 ನೆಫ್ಟ್ ಮಾಡು' ಎಂದು ನಾನು ಹೇಳಿದ್ದೇನೆ, ಬ್ಯಾಂಕ್ ಹೂಂ ಎಂದಿದೆ. ಟೀಚರಮ್ಮ ಅದಕ್ಕೆ ಸಹಿ ಹಾಕಿಲ್ಲ, ಅಂಥದ್ದೊಂದು ಇದೆ ಎಂಬುದೇ ಅವರ ಬ್ಯಾಂಕಿಗೆ ಗೊತ್ತಿಲ್ಲ. ನಾನು ರದ್ದು ಮಾಡಿದಾಗ ಮೆಸೇಜ್ ಬರುವುದು ನನ್ನ ಫೋನಿಗೆ ಮಾತ್ರ. ಅವರ ಕಡೆಗೆ ಏನೂ ಹೋಗುವುದಿಲ್ಲ, ವಾಪಸ್ ಬರುವುದಕ್ಕೂ ಏನೂ ಇರುವುದಿಲ್ಲ. ಕಾರಣ ಹೇಳುವ ಚೀಟಿ ಇಲ್ಲ, ಚಾರ್ಜ್ ಇಲ್ಲ, ಟ್ರೆಷರರ್ ಇಲ್ಲ. ಮೂರನೇ ತಾರೀಖು ಬರುತ್ತದೆ, ಹೋಗುತ್ತದೆ, ಅಷ್ಟೇ.

ಹೊಸ ಬ್ಯಾಂಕಿನಲ್ಲಿ ನಾನು ಮಾಡಿದ ಎಡವಟ್ಟು ಸಣ್ಣದು. ಟೀಚರಮ್ಮನ ಖಾತೆಯನ್ನು ಬೆನಿಫಿಷಿಯರಿ ಎಂದು ಸೇರಿಸಿದ ಮೊದಲ ದಿನ ಆ ಬ್ಯಾಂಕ್ ದೊಡ್ಡ ಮೊತ್ತ ಕಳಿಸಲು ಬಿಡುವುದಿಲ್ಲ. ನಾಳೆ ಮಾಡೋಣ ಎಂದು ಬಿಟ್ಟೆ. ಮರುದಿನ ಹೊಸ ಆಫೀಸಿನ ಗಲಾಟೆಯಲ್ಲಿ ರಾತ್ರಿ ಕೂತು 'ಪ್ರತಿ ತಿಂಗಳು 3' ಎಂದು ಹಾಕಿದೆ. ಆ ಹೊತ್ತಿಗೆ ಜೂನ್ 3 ದಾಟಿತ್ತು. ಒಪ್ಪಿಗೆ ಕೇಳುವ ಪುಟದಲ್ಲಿ ಮೊದಲ ಪಾವತಿ ಜುಲೈ 3 ಎಂದು ಸ್ಪಷ್ಟವಾಗಿಯೇ ಇತ್ತು. ಮೊತ್ತ ನೋಡಿದೆ, ಹೆಸರು ನೋಡಿದೆ, ತಾರೀಖು ನೋಡಲಿಲ್ಲ. ಒಂದು ತಿಂಗಳ ಬಾಡಿಗೆ ಎರಡು ಬ್ಯಾಂಕುಗಳ ನಡುವೆ ಬಿದ್ದುಹೋಯಿತು.

ಬಿದ್ದದ್ದು ನನ್ನ ಮರೆವಿನಿಂದ. ಆದರೆ ಅದು ಅಷ್ಟು ದಿನ ಯಾರ ಕಣ್ಣಿಗೂ ಬೀಳದೆ ಇದ್ದದ್ದು ನಾನು ಹೇಳದೇ ಇದ್ದುದರಿಂದ. 'ಅಮ್ಮಾ, ಬ್ಯಾಂಕ್ ಬದಲಾಯಿಸ್ತಿದೀನಿ, ಈ ತಿಂಗಳು ಬಾಡಿಗೆ ಹೊಸ ಖಾತೆಯಿಂದ ಬರುತ್ತೆ, ಐದರೊಳಗೆ ಬರದೇ ಇದ್ರೆ ಒಂದು ಫೋನ್ ಮಾಡಿ' ಎಂದು ಮೇ ತಿಂಗಳಲ್ಲಿ ಹೇಳಿದ್ದರೆ ಜೂನ್ 6ಕ್ಕೆ ಅವರು ನನ್ನನ್ನು ಕೇಳುತ್ತಿದ್ದರು. ಯಾಕೆ ಹೇಳಲಿಲ್ಲ ಎಂದರೆ ದೊಡ್ಡ ಕಾರಣವೇನೂ ಇಲ್ಲ. ನನ್ನ ಖಾತೆ, ನನ್ನ ಬ್ಯಾಂಕ್, ನನ್ನ ಆ್ಯಪ್. ಅವರಿಗೇನು ಸಂಬಂಧ ಎಂಬ ಭಾವನೆ. ಕೆಲಸ ಬಿಟ್ಟೆ, ಬೇರೆ ಸೇರಿದೆ ಎಂದರೆ ಓನರ್ ಮನಸ್ಸಿನಲ್ಲಿ ಸಲ್ಲದ ಅನುಮಾನ ಹುಟ್ಟಬಹುದು ಎಂಬ ಸಣ್ಣ ಲೆಕ್ಕಾಚಾರವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಆ ಕಡೆ ಏನು ನಡೆಯುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಆ ಫ್ಲ್ಯಾಟನ್ನು ಅವರು ಮಗನಿಗೆಂದು ತೆಗೆದುಕೊಂಡದ್ದು, ಮಗನ ಜೊತೆ ಜಂಟಿ ಸಾಲ ಮಾಡಿ. ಮಗ ಪುಣೆಗೆ ಹೋದ ಮೇಲೆ ಬಾಡಿಗೆಗೆ ಕೊಟ್ಟರು. ಸಾಲದ ಕಂತು ₹17,800. ಅದಕ್ಕೆಂದೇ ಒಂದು ಖಾತೆ: 3ಕ್ಕೆ ಬಾಡಿಗೆ ಬೀಳುತ್ತದೆ, 7ಕ್ಕೆ ಸಾಲ ಕೊಟ್ಟ ಸಂಸ್ಥೆ ನ್ಯಾಚ್ ಮೂಲಕ ಕಂತು ಎಳೆದುಕೊಳ್ಳುತ್ತದೆ, ಉಳಿದದ್ದನ್ನು ಅವರು ಮನೆ ಖರ್ಚಿಗೆ ತೆಗೆಯುತ್ತಾರೆ. ಪಿಂಚಣಿ ಬರುವುದು ಬೇರೆ ಬ್ಯಾಂಕಿಗೆ. ಅಚ್ಚುಕಟ್ಟಾದ ಏರ್ಪಾಡು. ಅದರ ಮೊದಲ ಕೊಂಡಿ ನನ್ನ ಫೋನಿನಲ್ಲಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಎಂದೂ ಕೇಳಿಯೂ ಇರಲಿಲ್ಲ.

ಜೂನ್ 7ಕ್ಕೆ ಆ ಖಾತೆಯಲ್ಲಿ ಸಾವಿರ ಚಿಲ್ಲರೆ ಇತ್ತು. ಕಂತು ಬೌನ್ಸ್ ಆಯಿತು. ಇಂಥ ಬೌನ್ಸಿಗೆ ಎರಡು ಕಡೆಯಿಂದ ಬರೆ ಬೀಳುತ್ತದೆ, ಇದು ಅನೇಕರಿಗೆ ತಿಳಿದಿರುವುದಿಲ್ಲ. ಹಣವಿಲ್ಲವೆಂದು ವಾಪಸ್ ಕಳಿಸಿದ್ದಕ್ಕೆ ಅವರ ಬ್ಯಾಂಕ್ ₹500 ಹಿಡಿಯಿತು. ಕಂತು ಬರಲಿಲ್ಲವೆಂದು ಸಾಲದ ಸಂಸ್ಥೆ ₹400 ಹಾಕಿತು. ಸಾಲದ ಸಂಸ್ಥೆಗಳು ಒಂದು ಸಲ ವಾಪಸಾದ ಕಂತನ್ನು ಕೆಲವು ದಿನ ಬಿಟ್ಟು ಮತ್ತೆ ಎಳೆದು ನೋಡುವುದುಂಟು. 12ಕ್ಕೆ ಮತ್ತೆ ಎಳೆದರು, ಮತ್ತೆ ಇಲ್ಲ. ಮತ್ತೆ ₹900. ಬಾಡಿಗೆಯ ಒಂದು ರೂಪಾಯಿಯೂ ಬರದೆ ₹1,800 ಹೋಯಿತು.

ಈ ನಡುವೆ ಟೀಚರಮ್ಮ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿದ್ದರು. ಬಾಡಿಗೆಯ ಸಾಲು ಇಲ್ಲ. ಕೌಂಟರಿನಲ್ಲಿದ್ದವರು 'ಬೆಂಗಳೂರಿಂದ ಬರೋದಲ್ವಾ, ನಡುವೆ ರಜೆ ಬಂದಿರಬೇಕು, ಎರಡು ದಿನ ನೋಡಿ' ಎಂದರಂತೆ. 2019ರ ಡಿಸೆಂಬರಿನಿಂದ ನೆಫ್ಟ್ ದಿನದ 24 ಗಂಟೆಯೂ, ಭಾನುವಾರ ಹಬ್ಬ ಎನ್ನದೆ, ಅರ್ಧ ಗಂಟೆಗೊಂದು ಸರದಿಯಲ್ಲಿ ನಡೆಯುತ್ತದೆ. ಕಳಿಸಿದ ಹಣ ರಜೆಯ ಕಾರಣಕ್ಕೆ ದಿನಗಟ್ಟಲೆ ದಾರಿಯಲ್ಲಿ ಉಳಿಯುವ ಕಾಲ ಹೋಯಿತು. ನಾಲ್ಕನೇ ತಾರೀಖಿಗೂ ಬಂದಿಲ್ಲವೆಂದರೆ ಬಹುಮಟ್ಟಿಗೆ ಅದು ಹೊರಟೇ ಇಲ್ಲ ಎಂದು ಅರ್ಥ. ಆದರೆ ಪಡೆಯುವವರಿಗೆ ಹಾಗೆ ಖಚಿತವಾಗಿ ತಿಳಿಯುವುದು ಹೇಗೆ? ಹಣ ಬಂದರೆ ಪಾಸ್‌ಬುಕ್ಕಿನಲ್ಲಿ ಸಾಲು ಬೀಳುತ್ತದೆ, ಬಾರದಿದ್ದರೆ ಏನೂ ಬೀಳುವುದಿಲ್ಲ. ಬಾಡಿಗೆದಾರ ಮರೆತನೋ, ಖಾತೆಯಲ್ಲಿ ದುಡ್ಡಿಲ್ಲವೋ, ಬೇಕೆಂದೇ ನಿಲ್ಲಿಸಿದನೋ, ಎಲ್ಲಕ್ಕೂ ಅದೇ ಖಾಲಿ ಜಾಗ.

ಸರಿ, ನನಗೇ ಒಂದು ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಾಡಿದರು, ತಿಂಗಳು ಮುಗಿಯುತ್ತ ಬಂದಾಗ.

'ಏನಪ್ಪಾ, ಮನೇಲಿ ಎಲ್ಲ ಹುಷಾರಾಗಿದೀರಾ?'

ಹುಷಾರಾಗಿದೀವಿ ಅಮ್ಮಾ ಎಂದೆ. ಮಳೆ ಹೇಗಿದೆ ಎಂದು ಕೇಳಿದರು. ಅಡುಗೆಮನೆಯ ನಲ್ಲಿ ಸರಿಯಾಯಿತಾ ಎಂದು ಕೇಳಿದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, 'ಏನಾದ್ರೂ ತೊಂದ್ರೆ ಇದ್ರೆ ಹೇಳಪ್ಪಾ, ಸಂಕೋಚ ಮಾಡ್ಕೋಬೇಡಿ' ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಎರಡು ಸಲ ಕೇಳಿದ ಮೇಲೆ ಬಾಡಿಗೆ ಬಂದಿಲ್ಲ ಎಂಬ ಮಾತು ಬಂತು. ನನಗೆ ಕೆಲಸ ಹೋಗಿದೆ, ಹೇಳಲಾರದೆ ಒದ್ದಾಡುತ್ತಿದ್ದೇನೆ ಎಂದು ಅವರು ಅಂದುಕೊಂಡಿದ್ದರು. ಯಾವ ಅನುಮಾನ ಹುಟ್ಟದಿರಲಿ ಎಂದು ನಾನು ಬಾಯಿಮುಚ್ಚಿಕೊಂಡಿದ್ದೆನೋ ಅದಕ್ಕಿಂತ ದೊಡ್ಡ ಅನುಮಾನವೇ ಹುಟ್ಟಿತ್ತು. ಅದೂ ಕರುಣೆಯ ಅನುಮಾನ. ಬೈದಿದ್ದರೆ ಸುಲಭವಾಗಿತ್ತು.

ಫೋನಿನಲ್ಲಿರುವಾಗಲೇ ಆ್ಯಪ್ ತೆರೆದೆ. ಜುಲೈ 3. ಹತ್ತು ನಿಮಿಷದಲ್ಲಿ ಬಾಡಿಗೆ ಕಳಿಸಿದೆ. ಬೌನ್ಸ್ ಸಂಗತಿಯನ್ನು ಅವರು ಆಗಲೂ ಹೇಳಲಿಲ್ಲ. ವಾರದ ನಂತರ ಮಗನಿಂದ ಗೊತ್ತಾಯಿತು. ಜಂಟಿ ಸಾಲವಾದ್ದರಿಂದ ಆ ವಿಳಂಬ ಅವನ ಕ್ರೆಡಿಟ್ ರಿಪೋರ್ಟಿನಲ್ಲೂ ಬಂದಿತ್ತು. 2025ರ ಜನವರಿಯಿಂದ ಸಾಲ ಕೊಟ್ಟವರು ಕ್ರೆಡಿಟ್ ಬ್ಯೂರೋಗಳಿಗೆ ತಿಂಗಳಿಗೊಮ್ಮೆಯಲ್ಲ, ಹದಿನೈದು ದಿನಕ್ಕೊಮ್ಮೆ ಮಾಹಿತಿ ಕೊಡಬೇಕು ಎಂಬ ನಿಯಮ ಬಂದಿತ್ತು. 7ಕ್ಕೆ ತಪ್ಪಿದ ಕಂತು ತಿಂಗಳ ನಡುವಿನ ಲೆಕ್ಕಕ್ಕೇ ಸಿಕ್ಕಿಬಿದ್ದಿತ್ತು. ₹1,800 ನಾನು ಕೊಟ್ಟೆ. ರಿಪೋರ್ಟಿನ ಆ ಸಾಲನ್ನು ತೆಗೆಸುವುದು ನನ್ನ ಕೈಯಲ್ಲಿರಲಿಲ್ಲ. ಅದು ತಪ್ಪು ಮಾಹಿತಿಯಲ್ಲ, ನಿಜವಾಗಿಯೂ ತಡವಾದದ್ದು. ತಿದ್ದಿಸಲು ಅರ್ಜಿ ಹಾಕಿದರೂ ನಿಲ್ಲುವುದಿಲ್ಲ.

ಇದಾದ ಮೇಲೆ ಟ್ರೆಷರರ್ ಹತ್ತಿರ ಕೂತು ಒಂದಷ್ಟು ಹೊತ್ತು ಮಾತಾಡಿದೆ. ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ನಾನು ಸಹಿ ಹಾಕಿದ್ದ ಮ್ಯಾಂಡೇಟ್ ಫಾರಂ ತೆಗೆದು ಕೆಳಗಿನ ಸಣ್ಣ ಅಕ್ಷರದ ಸಾಲು ತೋರಿಸಿದರು. ರದ್ದು ಮಾಡಬೇಕೆಂದರೆ ಹಣ ಪಡೆಯುವವರಿಗಾದರೂ ತಿಳಿಸಬಹುದು, ಬ್ಯಾಂಕಿಗಾದರೂ ತಿಳಿಸಬಹುದು ಎಂಬುದು ಅದರ ತಾತ್ಪರ್ಯ. ಎಂದರೆ ಬ್ಯಾಂಕಿಗಷ್ಟೇ ಹೇಳಿ ಸುಮ್ಮನಿದ್ದರೂ ನಿಯಮ ಮುರಿದಂತಲ್ಲ. 'ನಿಯಮದ ಪ್ರಕಾರ ನೀವು ಮಾಡಿದ್ದು ಸರಿ ಸಾರ್. ಆದ್ರೆ ಸೆಕ್ಯುರಿಟಿಯವರಿಗೆ ಏಳಕ್ಕೆ ಸಂಬಳ ಕೊಡೋನು ನಾನು' ಎಂದರು.

ಅವರಿಂದ ತಿಳಿದ ಇನ್ನೊಂದು ವಿಷಯ, ಹೆಚ್ಚು ಜನ ಎಡವುವುದು ಅಲ್ಲೇ. ಬ್ಯಾಂಕ್ ಬದಲಾಯಿಸುವವರು ಎಷ್ಟೋ ಸಲ ಮ್ಯಾಂಡೇಟ್ ರದ್ದು ಮಾಡುವುದೇ ಇಲ್ಲ, ಹಳೆಯ ಖಾತೆಯನ್ನು ಖಾಲಿ ಮಾಡಿ ಬಿಟ್ಟುಬಿಡುತ್ತಾರೆ. ಹಣವಿಲ್ಲದಿದ್ದರೆ ತಾನೇ ನಿಲ್ಲುತ್ತದೆ ಎಂಬ ಲೆಕ್ಕ. ನನ್ನ ತಪ್ಪಿಗಿಂತ ಇದು ಕೆಟ್ಟದ್ದು. ಆಗ ವಾಪಸ್ ಹೋಗುವ ಕಾರಣ 'ಮ್ಯಾಂಡೇಟ್ ರದ್ದು' ಎಂದಲ್ಲ, 'ಸಾಕಷ್ಟು ಹಣವಿಲ್ಲ' ಎಂದು. ಪ್ರತಿ ಸಲವೂ ನಿಮ್ಮ ಬ್ಯಾಂಕ್ ನಿಮಗೆ ಚಾರ್ಜ್ ಹಾಕುತ್ತದೆ. ಖಾತೆಯಲ್ಲಿ ಹಣವಿಲ್ಲದೆ ಎಲೆಕ್ಟ್ರಾನಿಕ್ ಪಾವತಿ ತಪ್ಪಿದರೆ ಚೆಕ್ ಬೌನ್ಸಿನಂತೆಯೇ ಶಿಕ್ಷೆಗೆ ಅವಕಾಶ ಕೊಡುವ ಕಲಮೊಂದು ಇದೆ: 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಕಲಮು. ಎರಡು ವರ್ಷದವರೆಗೆ ಜೈಲು, ಅಥವಾ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ಪಡೆಯಬೇಕಾದವರು ನೋಟಿಸ್ ಕೊಡಬೇಕು, ನೋಟಿಸ್ ಮುಟ್ಟಿದ 15 ದಿನದೊಳಗೆ ಕಟ್ಟಿದರೆ ಅಲ್ಲಿಗೆ ಮುಗಿಯುತ್ತದೆ. ಮೂರು ಸಾವಿರದ ಮೇಂಟೆನೆನ್ಸಿಗೆ ಯಾವ ಅಸೋಸಿಯೇಷನ್ನೂ ಅಷ್ಟು ದೂರ ಹೋಗಲಿಕ್ಕಿಲ್ಲ. ಆದರೂ ಖಾತೆ ಖಾಲಿ ಮಾಡುವುದು ನಿಲ್ಲಿಸುವ ಕ್ರಮವಲ್ಲ.

ಜಗಳವಿದ್ದಾಗ ಬೇಕೆಂದೇ ನಿಲ್ಲಿಸುವವರೂ ಇದ್ದಾರೆ. ನಮ್ಮ ಬ್ಲಾಕಿನಲ್ಲೇ ಒಬ್ಬರು ಲಿಫ್ಟ್ ಕೆಟ್ಟು ತಿಂಗಳಾದರೂ ಸರಿಮಾಡಲಿಲ್ಲವೆಂಬ ಕೋಪಕ್ಕೆ ಮ್ಯಾಂಡೇಟ್ ಕಿತ್ತುಹಾಕಿದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಅಸೋಸಿಯೇಷನ್ ಪುಸ್ತಕದಲ್ಲಿ ಅವರು ಪ್ರತಿಭಟನೆ ಮಾಡಿದವರೆಂದು ದಾಖಲಾಗಲಿಲ್ಲ, ಬಾಕಿದಾರರೆಂದು ದಾಖಲಾದರು. ಬೈಲಾ ಪ್ರಕಾರ ಬಡ್ಡಿಯೂ ಸೇರಿತು. ಲಿಫ್ಟಿನ ಸಂಗತಿಯನ್ನು ಪತ್ರದಲ್ಲಿ ಬರೆದು ಆಮೇಲೆ ನಿಲ್ಲಿಸಿದ್ದರೆ ಸಭೆಯಲ್ಲಿ ಚರ್ಚೆಗಾದರೂ ಬರುತ್ತಿತ್ತು.

ಮನೆ ಬಿಡುವಾಗಿನ ಕಥೆ ಇನ್ನೊಂದು. ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಿ ಎಂದು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ನಿಲ್ಲಿಸಿಬಿಡುವುದು ಬೆಂಗಳೂರಿನಲ್ಲಿ ಮಾಮೂಲು. ಓನರ್ ಒಪ್ಪಿದರೆ ತೊಂದರೆಯಿಲ್ಲ. ಆದರೆ ಅಡ್ವಾನ್ಸ್ ಹಣ ಅವರ ಬಳಿ ನಗದಾಗಿ ಕೂತಿರುತ್ತದೆ ಎಂದು ನಾವು ಸುಮ್ಮನೆ ಊಹಿಸಿಕೊಳ್ಳುತ್ತೇವೆ. ಟೀಚರಮ್ಮ ನಮ್ಮ ಅಡ್ವಾನ್ಸನ್ನು ಎಫ್‌ಡಿಯಲ್ಲಿ ಇಟ್ಟಿದ್ದರು. ಮುರಿಯಬೇಕೆಂದರೆ ಅವರಿಗೆ ಮೊದಲೇ ತಿಳಿಯಬೇಕಲ್ಲ.

ಮುಂದಿನ ವರ್ಷ ನಾವು ಆ ಮನೆ ಬಿಟ್ಟಾಗ ಕ್ರಮ ತಿರುಗಿಸಿದೆ. ಮೊದಲು ಹೇಳುವುದು, ಆಮೇಲೆ ಉತ್ತರ ಪಡೆಯುವುದು, ಕೊನೆಗೆ ರದ್ದು ಮಾಡುವುದು. ಫೋನ್ ಮಾಡಿ ಮಾತಾಡಿದೆ, ನಂತರ ಅದನ್ನೇ ವಾಟ್ಸಾಪಿನಲ್ಲಿ ಬರೆದು ಕಳಿಸಿದೆ. ಹೀಗಿತ್ತು: 'ಅಮ್ಮಾ, ಮಾತಾಡಿದಂತೆ ಏಪ್ರಿಲ್ 30ಕ್ಕೆ ಮನೆ ಬಿಡುತ್ತೇವೆ. ಏಪ್ರಿಲ್ 3ಕ್ಕೆ ಬರುವ ₹22,000 ಕೊನೆಯ ಬಾಡಿಗೆ. ಮೇ 3ಕ್ಕೆ ನನ್ನ ಕಡೆಯಿಂದ ಹಣ ಬರುವುದಿಲ್ಲ. ಮೇ 7ರ ಕಂತಿಗೆ ಖಾತೆಯಲ್ಲಿ ಹಣ ಇಟ್ಟುಕೊಳ್ಳಿ. ಇದನ್ನು ನೋಡಿದ್ದೀರಿ ಎಂದು ಒಂದು ಸಾಲು ಬರೆಯಿರಿ, ಆಮೇಲೆ ಬ್ಯಾಂಕಿನಲ್ಲಿ ನಿಲ್ಲಿಸುತ್ತೇನೆ.' ಕಳಿಸಿದ್ದು ಫೆಬ್ರವರಿಯಲ್ಲಿ. ಇದರಲ್ಲಿ ನನಗೆ ಮುಖ್ಯವೆನಿಸಿದ್ದು ಎರಡು ತಾರೀಖು: ಹಣ ಬರುವ ಕೊನೆಯ ದಿನ, ಹಣ ಬಾರದಿರುವ ಮೊದಲ ದಿನ. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದನ್ನು ಹೇಳುವುದಿಲ್ಲ. ಅವರ ಏರ್ಪಾಡು ನಿಂತಿರುವುದು ಎರಡನೆಯದರ ಮೇಲೆ.

ಅಸೋಸಿಯೇಷನ್‌ಗೂ ಹೀಗೇ ಪತ್ರ ಕೊಟ್ಟೆ, ಅದರಲ್ಲಿ ಮ್ಯಾಂಡೇಟಿನ ಯುಎಂಆರ್‌ಎನ್ ಸಂಖ್ಯೆ ಬರೆದೆ. ಆ ಉದ್ದನೆಯ ಸಂಖ್ಯೆ ಬ್ಯಾಂಕಿನ ಆ್ಯಪಿನಲ್ಲಿ ಮ್ಯಾಂಡೇಟ್ ಪಟ್ಟಿಯಲ್ಲೇ ಸಿಗುತ್ತದೆ. ಅದಿದ್ದರೆ ಯಾವ ಫ್ಲ್ಯಾಟಿನ ಯಾವ ಮ್ಯಾಂಡೇಟ್ ಎಂದು ಹುಡುಕಾಡಬೇಕಿಲ್ಲ. ಅವರು ತಮ್ಮ ಕಡೆಯಿಂದಲೇ ರದ್ದು ಮಾಡಿಸಿದರು. ಏನೂ ವಾಪಸಾಗಲಿಲ್ಲ, ಯಾರಿಗೂ ಚಾರ್ಜ್ ಬೀಳಲಿಲ್ಲ.

ಮನೆ ಬಿಡದೆ ಖಾತೆಯನ್ನಷ್ಟೇ ಬದಲಾಯಿಸುವವರಿಗೆ ನಾನು ಈಗ ಹೇಳುವುದು ಬೇರೆ. ಹಳೆಯದನ್ನು ರದ್ದು ಮಾಡುವ ಆತುರ ಬೇಡ. ಅದರಲ್ಲಿ ಎರಡು ತಿಂಗಳಿಗಾಗುವಷ್ಟು ಹಣ ಬಿಟ್ಟು ಹಳೆಯದು ಇನ್ನೊಮ್ಮೆ ನಡೆಯಲಿ. ಹೊಸದರ ಮೊದಲ ಪಾವತಿ ಮುಂದಿನ ತಿಂಗಳಿಂದ ಎಂದು ಇಡಿ, ಆ ತಾರೀಖನ್ನು ಕಣ್ಣಾರೆ ಓದಿ. ಹೊಸದು ಒಮ್ಮೆ ಹೋಗಿ ಮುಟ್ಟಿದೆ ಎಂದು ಅವರ ಬಾಯಿಂದ ಕೇಳಿದ ಮೇಲೆ ಹಳೆಯದನ್ನು ತೆಗೆಯಿರಿ. ಆ ತಿಂಗಳು ಎರಡು ಸಲ ಹೋದರೆ ಮುಂದಿನ ತಿಂಗಳ ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಬಹುದು.

ನಿಮ್ಮ ಬ್ಯಾಂಕಿನ ಆ್ಯಪಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಮತ್ತು ಮ್ಯಾಂಡೇಟ್ ಎಂಬ ಎರಡು ಪಟ್ಟಿಗಳಿರುತ್ತವೆ. ಇವತ್ತೇ ಮೊದಲನೆಯದನ್ನು ತೆರೆದು ನೋಡಿ. ಅದರಲ್ಲಿರುವ ಪ್ರತಿಯೊಬ್ಬರಿಗೂ, ನೀವು ನಿಲ್ಲಿಸಿದಾಗ, ಸುದ್ದಿ ಮುಟ್ಟಿಸುವವರು ನಿಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲ. ಅವರ ಫೋನ್ ನಂಬರ್ ನಿಮ್ಮ ಹತ್ತಿರ ಇದೆಯಾ ನೋಡಿಕೊಳ್ಳಿ.